ಓವನ್ನಿನಲ್ಲಿ ಹಿಟ್ಟು ದುರಂತ: ಪ್ರಾಣಾಪಾಯವಿಲ್ಲ

ಅಣಕು ವರದಿ ಎಂದರೆ ನಿಜವಾದ ದಿನಪತ್ರಿಕೆಯ ಧಾಟಿ, ಅಂಕಣದ ಅಗಲ ಮತ್ತು ಗಾಂಭೀರ್ಯಗಳನ್ನು ಹಾಗೆಯೇ ಉಳಿಸಿಕೊಂಡು, ಸುದ್ದಿಯೇ ಅಲ್ಲದ ಸಂಗತಿಯೊಂದನ್ನು ಸುದ್ದಿಯಾಗಿಸುವ ಬರಹ. ರಾಶಿ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಡಾ. ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ಯ ಕಾಲದಿಂದ ಕನ್ನಡ ಓದುಗರಿಗೆ ಅಣಕು ಹೊಸದೇನಲ್ಲವಾದರೂ, ಹೊರನಾಡಿಗೆ ಹೋದ ಗೆಳತಿಯೊಬ್ಬಳ ಅಡುಗೆಮನೆಯ ಅನಾಹುತವನ್ನು ತುಮಕೂರು ಜಿಲ್ಲಾ ಪುಟದ ಸುದ್ದಿಯ ರೂಪದಲ್ಲಿ ಅಚ್ಚು ಹಾಕಿಸಿ ಹುಟ್ಟುಹಬ್ಬದ ಬೆಳಿಗ್ಗೆ ಅವಳಿಗೆ ಮುಟ್ಟಿಸುವುದು ಅದರ ಈಚಿನ ಗೃಹಬಳಕೆಯ ಪ್ರಭೇದವಾಗಿದೆ. ಇಲ್ಲಿ ಪರಿಶೀಲಿಸುತ್ತಿರುವ ವರದಿಯ ನಾಯಕಿ ಕುಣಿಗಲ್ ಮೂಲದವರು, ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿದವರು. ಅವರ ಐವತ್ತನೆಯ ಹುಟ್ಟುಹಬ್ಬಕ್ಕೆ ಇದನ್ನು ಸಿದ್ಧಪಡಿಸಿದವರು ಕಾಲೇಜಿನ ಕಾಲದ ಇಬ್ಬರು ಗೆಳತಿಯರು, ಒಬ್ಬರು ಗುಬ್ಬಿಯಲ್ಲಿ ಕನ್ನಡ ಮೇಡಂ, ಇನ್ನೊಬ್ಬರು ತುಮಕೂರಿನಲ್ಲಿ ಡಿಟಿಪಿ ಅಂಗಡಿ ನಡೆಸುವವರು.

ವರದಿಯ ರಸ ತಿಳಿಯಲು ಅನಾಹುತದ ತಂತ್ರ ತಿಳಿದಿರಬೇಕು. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯನ್ನು ಪರದೇಶದಲ್ಲಿ ಮಾಡಹೊರಟವರಿಗೆ ಎದುರಾಗುವ ಮೊದಲ ಶತ್ರು ಚಳಿ. ಅಕ್ಕಿ ಉದ್ದಿನ ಹಿಟ್ಟು ಹುದುಗಲು ಮೂವತ್ತು ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ಬೆಚ್ಚನೆ ಬೇಕು. ತುಮಕೂರಿನಲ್ಲಿ ಅದು ಬೇಸಿಗೆಯ ರಾತ್ರಿ ಪುಕ್ಕಟೆಯಾಗಿ ಸಿಗುತ್ತದೆ, ನ್ಯೂಜೆರ್ಸಿಯ ಜನವರಿಯಲ್ಲಿ ಹೀಟರ್ ಹಾಕಿದ ಮನೆಯೂ ಇಪ್ಪತ್ತರ ಮೇಲೆ ಏರುವುದು ಅಪರೂಪ. ಆದ್ದರಿಂದ ಹೊರನಾಡ ಕನ್ನಡ ಗೃಹಗಳಲ್ಲಿ ಹಿಟ್ಟಿನ ಪಾತ್ರೆಯನ್ನು ಓವನ್ನಿನೊಳಗೆ ಇಟ್ಟು, ಓವನ್ ಹಚ್ಚದೆ, ಅದರೊಳಗಿನ ದೀಪವನ್ನು ಮಾತ್ರ ರಾತ್ರಿಯಿಡೀ ಉರಿಸುವ ಪದ್ಧತಿ ಬೆಳೆದಿದೆ. ಹಳೆಯ ಮಾದರಿಯ ಬಲ್ಬು ಬೆಳಕಿಗಿಂತ ಹೆಚ್ಚು ಕಾವನ್ನೇ ಕೊಡುವುದರಿಂದ, ಬಾಗಿಲು ಮುಚ್ಚಿದ ಆ ಸಣ್ಣ ಗೂಡು ಹಿಟ್ಟಿಗೆ ತವರಿನ ಹವೆಯನ್ನೇ ಒದಗಿಸುತ್ತದೆ (ಎಲ್‌ಇಡಿ ದೀಪದ ಹೊಸ ಓವನ್ನುಗಳಲ್ಲಿ ಈ ಉಪಾಯ ನಡೆಯದು, ಅಲ್ಲಿ ಹಿಟ್ಟು ಬೆಳಗಿನವರೆಗೂ ಮಲಗಿಯೇ ಇರುತ್ತದೆ). ಈ ಪದ್ಧತಿಯಲ್ಲಿರುವ ಏಕೈಕ ದೋಷವೆಂದರೆ, ಒಳಗೆ ಹಿಟ್ಟಿದೆ ಎಂಬುದು ಮನೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿರುತ್ತದೆ.

ಪ್ರಸ್ತುತ ಪ್ರಕರಣದಲ್ಲಿ ಗೊತ್ತಿಲ್ಲದವರು ಯಜಮಾನರು. ಭಾನುವಾರ ಬೆಳಿಗ್ಗೆ ಮಗಳಿಗೆ ಪಿಜ್ಜಾ ಬಿಸಿಮಾಡಲೆಂದು ಅವರು ಓವನ್ನನ್ನು 425 ಡಿಗ್ರಿ ಫ್ಯಾರನ್‌ಹೀಟಿಗೆ, ಅಂದರೆ ಸುಮಾರು 218 ಡಿಗ್ರಿ ಸೆಲ್ಸಿಯಸ್ಸಿಗೆ ತಿರುಗಿಸಿ, ಅದು ಕಾಯುವವರೆಗೆ ಕ್ರಿಕೆಟ್ ನೋಡಲು ಹೋದರು. ಚೆನ್ನಾಗಿ ಹುದುಗಿ ಎರಡರಷ್ಟಾಗಿದ್ದ ಹಿಟ್ಟಿನೊಳಗಿನ ಗಾಳಿಗುಳ್ಳೆಗಳು ಕಾವಿಗೆ ಹಿಗ್ಗಿದವು, ಹಿಟ್ಟು ಸ್ಟೀಲ್ ಪಾತ್ರೆಯ ಅಂಚು ದಾಟಿತು, ಅಂಚಿನಲ್ಲಿ ಬೆಂದು ಗಟ್ಟಿಯಾದ ಭಾಗ ಅಲ್ಲೇ ನಿಂತರೆ ಅದರ ಹಿಂದಿನಿಂದ ಬಂದ ಹಸಿ ಹಿಟ್ಟು ಕಾದ ತಳಕ್ಕೆ ಸುರಿದು ಕರಕಲಾಗತೊಡಗಿತು. ಮೇಲಿದ್ದ ಪ್ಲಾಸ್ಟಿಕ್ ಮುಚ್ಚಳ, ಸುಮಾರು 160 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುವ ಜಾತಿಯದು, ತಟ್ಟೆ ಇಡ್ಲಿಯ ಆಕಾರವನ್ನು ತಾನೇ ಧರಿಸಿತು. ಸ್ಮೋಕ್ ಅಲಾರಂ, ಅಂದರೆ ಹೊಗೆ ಕಂಡೊಡನೆ ಕಿರುಚುವ ಚಾವಣಿಯ ಯಂತ್ರ, ಉಳಿದವರಿಗೆ ವಿಷಯ ತಿಳಿಸಿತು.

ಇದನ್ನು ಬರಹಕ್ಕೆ ಇಳಿಸುವಾಗ ಗೆಳತಿಯರು ಮೊದಲು ತಪ್ಪು ದಾರಿ ಹಿಡಿದರೆಂಬುದು ಗಮನಾರ್ಹ. 1884ರಲ್ಲಿ ಹುಟ್ಟಿ ಮುಂದೆ ಗುಬ್ಬಿ ವೀರಣ್ಣನವರಿಂದ ನಾಡೆಲ್ಲ ಹೆಸರಾದ ನಾಟಕ ಕಂಪನಿಯ ಊರಿನವರಾದ ಕಾರಣಕ್ಕೋ ಏನೋ, ಕನ್ನಡ ಮೇಡಂ ಬರೆದ ಮೊದಲ ಕರಡು ಕಂಪನಿ ನಾಟಕದ ಕರಪತ್ರದಂತೆ ‘ನೋಡಿರಿ! ನೋಡಿರಿ! ಹಿಟ್ಟಿನ ರುದ್ರ ಪ್ರಳಯ!’ ಎಂದು ಅಬ್ಬರಿಸುತ್ತಿತ್ತು. ಅದು ಕೈಬಿಟ್ಟುಹೋದದ್ದು ನ್ಯಾಯವೇ ಸರಿ. ಕರಪತ್ರ ತಾನೇ ನಗುತ್ತದೆ, ಓದುವವರಿಗೆ ನಗಲು ಏನನ್ನೂ ಉಳಿಸುವುದಿಲ್ಲ. ಜಿಲ್ಲಾ ಪುಟದ ವರದಿಗಾರನಾದರೋ ಬಸ್ ಉರುಳಿದರೂ ಬಾಳೆಗೊನೆ ಕಳುವಾದರೂ ಒಂದೇ ಮುಖದಲ್ಲಿ ಬರೆಯುತ್ತಾನೆ, ಆ ನಿರ್ವಿಕಾರವೇ ಅಣಕಿನ ಬಂಡವಾಳ. ಎರಡನೆಯ ಕರಡಿನ ಮುಖ್ಯ ಭಾಗ ಹೀಗಿದೆ:

‘ಕುಣಿಗಲ್, ಜ. 20: ತಾಲ್ಲೂಕಿನಿಂದ ವಲಸೆ ಹೋದ ಗೃಹಿಣಿಯೊಬ್ಬರ ನ್ಯೂಜೆರ್ಸಿಯ ನಿವಾಸದಲ್ಲಿ ಭಾನುವಾರ ಮುಂಜಾನೆ ಇಡ್ಲಿ ಹಿಟ್ಟು ಉಕ್ಕಿ ಹರಿದ ಪರಿಣಾಮ ಓವನ್‌ನ ತಗ್ಗು ಪ್ರದೇಶಗಳು ಸಂಪೂರ್ಣ ಮುಳುಗಡೆಯಾಗಿದ್ದು, ಅದೃಷ್ಟವಶಾತ್ ಯಾವುದೇ ಪ್ರಾಣಹಾನಿ ಸಂಭವಿಸಿಲ್ಲ. ಮೂರು ಪಾವು ಅಕ್ಕಿ, ಒಂದು ಪಾವು ಉದ್ದಿನಬೇಳೆ ಹಾಗೂ ಒಂದು ಹಿಡಿ ಸಬ್ಬಕ್ಕಿ ನಷ್ಟವಾಗಿದೆ ಎಂದು ಅಂದಾಜಿಸಲಾಗಿದೆ. ಘಟನೆಯ ವೇಳೆ ಪತಿ ಸ್ಥಳದಲ್ಲೇ ಇದ್ದರು ಎನ್ನಲಾಗಿದ್ದು, ನಂತರ ತಲೆಮರೆಸಿಕೊಂಡಿದ್ದಾರೆ. ಗ್ಯಾರೇಜಿನಲ್ಲಿ ಶೋಧ ಮುಂದುವರಿದಿದೆ. ಸಂತ್ರಸ್ತೆಗೆ ಸೂಕ್ತ ಪರಿಹಾರವಾಗಿ ಹೊಸ ವೆಟ್ ಗ್ರೈಂಡರ್ ನೀಡಬೇಕೆಂದು ಗುಬ್ಬಿ ಮತ್ತು ತುಮಕೂರಿನ ಗೆಳತಿಯರು ಒತ್ತಾಯಿಸಿದ್ದಾರೆ.’

ಹಿಟ್ಟಿಟ್ಟವರು ಎಚ್ಚರಿಕೆಯ ಚೀಟಿ ಅಂಟಿಸಿರಲಿಲ್ಲ ಎಂಬ ಅಂಶ ಲೇಖಕಿಯರಿಗೆ ಗೊತ್ತಿದ್ದೂ ವರದಿಯಲ್ಲಿ ಇಲ್ಲದಿರುವುದು ಕೇವಲ ದಾಕ್ಷಿಣ್ಯವಲ್ಲ. ಹುಟ್ಟುಹಬ್ಬದವರನ್ನು ಸಂತ್ರಸ್ತೆಯಾಗಿ ನಿಲ್ಲಿಸಿ, ಅಪರಾಧವನ್ನು ಪಕ್ಕದಲ್ಲೇ ಕಾಫಿ ಕುಡಿಯುತ್ತ ಕುಳಿತವರ ತಲೆಗೆ ಕಟ್ಟಿದಾಗ ಮಾತ್ರ ಇಂಥ ವರದಿಯನ್ನು ಹತ್ತು ಜನರ ಮುಂದೆ ಗಟ್ಟಿಯಾಗಿ ಓದಬಹುದು. ಹಾಗೆಯೇ ಅಕ್ಕಿ, ಬೇಳೆ, ಸಬ್ಬಕ್ಕಿಯ ಅಳತೆಗಳು ನಿಜವಾದವು. ಅವನ್ನು ಮಗಳಿಂದ ಗುಟ್ಟಾಗಿ ತರಿಸಿಕೊಳ್ಳಲಾಗಿತ್ತು. ಉತ್ಪ್ರೇಕ್ಷೆಯನ್ನು ವರದಿಯ ಮಾತಿಗೆ ಬಿಟ್ಟು ಅಡುಗೆಯ ವಿವರಗಳನ್ನು ಮುಟ್ಟದೆ ಉಳಿಸಿದ್ದರಿಂದ, ಓದಿದ ಗೆಳತಿಗೆ ತನ್ನದೇ ಹಿಟ್ಟಿನ ಗುರುತು ಸಿಕ್ಕಿತು.

ಅಣಕು ವರದಿಯ ಅಪಾಯವೂ ಇದೇ ನಿಖರತೆಯಲ್ಲಿದೆ. ತುಮಕೂರಿನ ಅಂಗಡಿಯಲ್ಲಿ ಎರಡು ಅಂಕಣಗಳಲ್ಲಿ ಜೋಡಿಸಿ, ಕೆಳಗೆ ಅರ್ಧ ಕತ್ತರಿಸಿಹೋದ ಕೊಬ್ಬರಿ ಧಾರಣೆಯ ಪಟ್ಟಿಯನ್ನೂ ಸೇರಿಸಿ, ಮಾಸಲು ಕಾಗದದ ಮೇಲೆ ಅಚ್ಚು ಮಾಡಿದ್ದರ ಚಿತ್ರ ವಾಟ್ಸಾಪಿನಲ್ಲಿ ನ್ಯೂಜೆರ್ಸಿಗೆ ಹೋಯಿತಷ್ಟೇ ಅಲ್ಲದೆ, ಅಲ್ಲಿಂದ ತಿರುಗಿ ಕುಣಿಗಲ್‌ನ ತವರುಮನೆಗೂ ಬಂತು. ಸೋದರಮಾವನವರು ‘ತಲೆಮರೆಸಿಕೊಂಡಿದ್ದಾರೆ’ ಎಂಬಲ್ಲಿಯವರೆಗೆ ಓದಿ, ಮುಂದೆ ಓದದೆ, ಅಳಿಯ ತಲೆಮರೆಸಿಕೊಂಡಿದ್ದಾರಂತೆ ಎಂದು ಬೀದಿಗೆಲ್ಲ ತಿಳಿಸಿದರು. ಅಣಕನ್ನು ಅಣಕೆಂದು ತೋರಿಸಿಕೊಡುವ ವಾಕ್ಯ ಕೊನೆಯಲ್ಲಿದ್ದರೆ ಸಾಲದು, ಶೀರ್ಷಿಕೆಯ ಮೂರು ಬೆರಳಿನೊಳಗೆ ಇರಬೇಕೆಂಬ ನಿಯಮ ಈ ವಲಯದಲ್ಲಿ ಆಮೇಲೆ ಜಾರಿಗೆ ಬಂದಿದೆ. ತಾಯಿಯವರು ಮಾತ್ರ ಪೂರ್ತಿ ಓದಿ ಮಗಳಿಗೆ ಫೋನ್ ಮಾಡಿ ‘ತಟ್ಟೆ ಇಡ್ಲಿಗೆ ಒಂದು ಹಿಡಿ ಸಬ್ಬಕ್ಕಿ ಎಲ್ಲಿ ಸಾಕಾಗುತ್ತೇ? ನಾನು ಹೇಳಿಕೊಟ್ಟಿದ್ದು ಎರಡು ಹಿಡಿ’ ಎಂದು ಗದರಿದ್ದರಿಂದ, ಮರುದಿನ ಅದೇ ಅಂಗಡಿಯಲ್ಲಿ, ಅದೇ ಅಳತೆಯ ಅಕ್ಷರಗಳಲ್ಲಿ, ‘ತಿದ್ದುಪಡಿ’ ಎಂಬ ಶೀರ್ಷಿಕೆಯಡಿ ನಷ್ಟದ ಅಂದಾಜನ್ನು ಒಂದು ಹಿಡಿ ಏರಿಸಿ ಪ್ರಕಟಿಸಬೇಕಾಯಿತು.