ಒದೆ ಪರೀಕ್ಷೆ

ಹಳೆಯ ಟೈರನ್ನು ಪರೀಕ್ಷಿಸುವ ವಿದ್ಯೆಯಲ್ಲಿ ನನಗೆ ಬರುವುದು ಒಂದೇ: ಒದೆಯುವುದು. ಒದ್ದ ಮೇಲೆ ಹುಬ್ಬು ಗಂಟಿಕ್ಕಿ ‘ಹ್ಞೂಂ’ ಎನ್ನುತ್ತೇನೆ. ಇದರಿಂದ ಟೈರಿನ ಬಗ್ಗೆ ನನಗೇನೂ ತಿಳಿಯುವುದಿಲ್ಲ; ನನ್ನ ಬಗ್ಗೆ ಅಂಗಡಿಯವನಿಗೆ ಎಲ್ಲಾ ತಿಳಿಯುತ್ತದೆ. ಹಾಗಾಗಿ ಗೋವಿನಜೋಳ ಹೇರುವ ಟ್ರೇಲರಿಗೆ 9.00-16 ಅಳತೆಯ ಸೆಕೆಂಡ್ ಹ್ಯಾಂಡ್ ಟೈರು ಬೇಕಾದಾಗ, ತಂಬೂರಿನಿಂದ ಹುಬ್ಬಳ್ಳಿಗೆ ನನ್ನ ಹೆಂಡತಿಯೂ ಹೊರಟಳು. ಅವಳ ತವರು ಅಣ್ಣಿಗೇರಿ. ಮಾವನವರದು ಪಂಕ್ಚರ್ ಅಂಗಡಿ. ವರದಕ್ಷಿಣೆ ಬೇಡವೆಂದಿದ್ದೆ, ಈ ವಿದ್ಯೆ ಮಾತ್ರ ತಾನಾಗಿ ಬಂತು.

ಅಂಗಡಿಯವನು ಮೊದಲು ಉರುಳಿಸಿ ತಂದದ್ದು ಕರಿ ಪಾಲಿಶ್ ಬಳಿದ ಟೈರು. “ಬಟನ್ ನೋಡ್ರಿ ಸರ್, ಹೊಸಾದರಾಂಗ ಐತಿ.” ನಾನು ಕಾಲೆತ್ತಿದೆ.

“ನೀವು ಸ್ವಲ್ಪ ಸರೀರಿ,” ಎಂದಳು. “ಟ್ರೇಲರ್ ಟೈರ್ ಸವದು ಸಾಯಂಗಿಲ್ಲ, ನಿಂತು ಸಾಯ್ತಾವು.”

ನಿಜವೇ. ಸುಗ್ಗಿಯಲ್ಲಿ ಓಡಿ, ಉಳಿದ ಕಾಲವೆಲ್ಲ ಬಿಸಿಲಲ್ಲಿ ನಿಂತ ಟೈರಿಗೆ ಬಟನ್ ಉಳಿದಿರುತ್ತದೆ, ರಬ್ಬರು ಮಾತ್ರ ಒಣಗಿರುತ್ತದೆ. ಅವಳು ಸೆರಗಿನಿಂದ ಪಕ್ಕೆ ಒರೆಸಿ ತಾರೀಖು ಹುಡುಕಿದಳು. ಸಿಗಲಿಲ್ಲ. ಅದು ಸಾಮಾನ್ಯವಾಗಿ ಒಂದೇ ಪಕ್ಕೆಯಲ್ಲಿರುತ್ತದೆ, ಅಂಗಡಿಯವರು ಆ ಪಕ್ಕೆಯನ್ನು ಗೋಡೆಯ ಕಡೆ ಮಾಡಿರುತ್ತಾರೆ. ತಿರುಗಿಸಿದಾಗ 3113 ಕಂಡಿತು: 2013ರ 31ನೇ ವಾರ. “ನಮ್ಮ ಸಣ್ಣಾಂವಗಿಂತ ಹಿರೇದು ಐತಿ,” ಎಂದು ಪಕ್ಕೆಯನ್ನು ಮಡಚಿ ಹಿಡಿದಳು. ಪಾಲಿಶ್ ಮುಚ್ಚಿದ್ದ ಸಣ್ಣ ಸಣ್ಣ ಬಿರುಕುಗಳೆಲ್ಲ ಬಾಯಿ ಬಿಟ್ಟವು.

ಎರಡನೆಯದು 1020. ವಯಸ್ಸು ಪರವಾಗಿಲ್ಲ. ಆದರೆ ಒಳಗೆ ಕೈ ಹಾಕಿ ಸುತ್ತಲೂ ಸವರಿದವಳು ಒಂದೆಡೆ ನಿಂತಳು. ಒಳಗೆ ಗೇಟರ್! ಹಳೇ ಟೈರಿನ ತುಂಡೊಂದನ್ನು ಹೊಲಿಗೆಯಿಲ್ಲದ ಅಸ್ತರಿನಂತೆ ಇಟ್ಟಿದ್ದರು. ಎತ್ತಿದರೆ ಕೆಳಗೆ ಭುಜದ ಬಳಿ ಬೆರಳುದ್ದ ಸೀಳು, ನೈಲಾನ್ ದಾರಗಳು ಕಡಿದಿದ್ದವು. ಬಟನ್ ನಡುವೆ ಮೊಳೆ ಹೊಕ್ಕ ತೂತಿಗೆ ಒಳಗಿಂದ ಬಿಸಿ ಪ್ಯಾಚ್ ಹಾಕಿದ್ದರೆ ಅವಳು ಹೆದರುವುದಿಲ್ಲ. ಪಕ್ಕೆ ಮತ್ತು ಭುಜ ಮಾತ್ರ ಓಡುವಾಗ ಸದಾ ಬಾಗುವ ಜಾಗ. ಲೋಡು ಬಿದ್ದರೆ ಗೇಟರಿನ ಅಂಚು ಟ್ಯೂಬನ್ನು ಉಜ್ಜುತ್ತದೆ, ಸೀಳು ಬೆಳೆಯುತ್ತದೆ.

“ಇದು ಚೊಲೋ ಐತಲ್ಲ,” ಎಂದು ನಾನು ಮೂರನೆಯದನ್ನು ಒದ್ದೆ. ಅವಳು ಮೊಬೈಲ್ ಬೆಳಕು ಬಿಟ್ಟಳು: ಒಳ ಪಕ್ಕೆಯ ಸುತ್ತ ಉಜ್ಜಿದ ಉಂಗುರ, ಕೆಳಗೆ ಕರಿ ಪುಡಿ. ಗಾಳಿಯಿಲ್ಲದೆ ಓಡಿಸಿದ ಗುರುತು. ದಾರಗಳು ಒಳಗೇ ಸೋತಿರುತ್ತವೆ, ಹೊರಗೆ ಏನೂ ಕಾಣುವುದಿಲ್ಲ.

ನಾಲ್ಕನೆಯದರ ಬಟನ್ ಅರ್ಧ ಸವೆದಿತ್ತು. ಒಳಗೆ ಒಂದೇ ಪ್ಯಾಚ್, ಬಾಯಿಯ ತಂತಿ ಎಲ್ಲೂ ಹೊರಬಿದ್ದಿರಲಿಲ್ಲ. “ಡಿಸ್ಕಿಗೆ ಹಾಕಿ ಗಾಳಿ ತುಂಬ್ರಿ, ಉಬ್ಬು ಬರದಿದ್ರ ರೊಕ್ಕ,” ಎಂದು ಅವಳು ದೂರ ಸರಿದಳು. ನಾನು ಅದರ ಮುಂದೆಯೇ ನಿಂತಿದ್ದೆ. ಅಂಗಿ ಹಿಡಿದು ಎಳೆದಳು.

ಉಬ್ಬು ಬರಲಿಲ್ಲ. ಬೆಲೆಯ ಮಾತೂ ಅವಳದೇ. ಕೊನೆಗೆ ಅಂಗಡಿಯವನು ನನ್ನ ಕಡೆ ನೋಡಿ, “ಅಕ್ಕಾರ, ಸಾಹೇಬ್ರು ಏನ್ ಮಾಡ್ತಾರ್ರಿ?” ಎಂದ.

“ಅವರಾ? ಟೈರ್ ಹೊರ್ತಾರ.”