ಒಂದು ಲಾರಿ, ಎರಡು ಬಿಲ್ಲು

ಪ್ರತಿ ಸಣ್ಣ ಕಾರ್ಖಾನೆಯಲ್ಲೂ ಒಬ್ಬರು ಲೆಕ್ಕದ ರಾಯರಿರುತ್ತಾರೆ. ಜಾತಿಯಲ್ಲಿ ರಾಯರೇ ಆಗಬೇಕೆಂದಿಲ್ಲ. ಗೌಡರಾಗಬಹುದು, ಶೆಟ್ಟರಾಗಬಹುದು, ಈಚೆಗೆ ಎಷ್ಟೋ ಕಡೆ ಮೇಡಂ ಆಗಿರುವುದೂ ಉಂಟು. ಆದರೆ ಕುರ್ಚಿ ಅದೇ, ಕನ್ನಡಕದ ಮೇಲಿಂದ ನೋಡುವ ನೋಟ ಅದೇ. ಕಂಪನಿಯ ದುಡ್ಡನ್ನು ಯಜಮಾನರಿಗಿಂತ ಬಿಗಿಯಾಗಿ ಹಿಡಿಯುವುದು ಈ ಕುಲದ ಲಕ್ಷಣ. ಹೋಟೆಲಿನಲ್ಲಿ ಎರಡು ಕಾಫಿಯ ಬಿಲ್ಲನ್ನೂ ಕೂಡಿ ನೋಡದೆ ಕೊಡುವವರಲ್ಲ. ಮದುವೆ ಮನೆಯಲ್ಲಿ ಮುಯ್ಯಿ ಬರೆಯುವ ಪುಸ್ತಕ ಇವರ ಕೈಗೆ ಕೊಟ್ಟರೆ ಹೆಣ್ಣಿನ ಕಡೆಯವರು ನಿಶ್ಚಿಂತೆಯಿಂದ ಊಟಕ್ಕೆ ಕೂರಬಹುದು.

ಪೀಣ್ಯದ ನಮ್ಮ ಕಾರ್ಖಾನೆಯ ರಾಯರಿಗೆ ಫೋನಿನ ಮೇಲೆ ನಂಬಿಕೆ ಇಲ್ಲ. "ಫೋನಲ್ಲಿ ಆಡಿದ್ದಕ್ಕೆ ಫೈಲ್ ಇಲ್ಲ ಸಾರ್" ಅನ್ನುತ್ತಾರೆ. ಆದ್ದರಿಂದ ಅವರದ್ದೆಲ್ಲ ಕಾಗದ, ಅದೂ ಕನ್ನಡದಲ್ಲಿ. ಆಫೀಸ್ ಕಾಪಿಯನ್ನು ಹಳೆ ಕೊಟೇಶನ್ನಿನ ಹಿಂಬದಿಯಲ್ಲಿ ಪ್ರಿಂಟ್ ತೆಗೆಯುತ್ತಾರೆ. ಹೀಗಾಗಿ ಅವರ ಫೈಲು ತೆರೆದರೆ ಎಡಪುಟದಲ್ಲಿ ಜಗಳ, ಬಲಪುಟದಲ್ಲಿ ಯಾರೋ ಮಾರಲು ಬಂದಿದ್ದ ಏರ್ ಕಂಪ್ರೆಸರ್‌ನ ದರ.

ರಾಯರ ಜೀವನದಲ್ಲಿ ಹಬ್ಬವೆಂದರೆ ತಿಂಗಳ 14ನೇ ತಾರೀಕು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಟೂ-ಬಿ ಎಂಬ ಪಟ್ಟಿ ಸಿದ್ಧವಾಗುವ ದಿನ ಅದು. ಸಪ್ಲೈಯರ್‌ಗಳು 11ರೊಳಗೆ ತಮ್ಮ ಮಾರಾಟದ ವಿವರ ತುಂಬಿರುತ್ತಾರೆ. ನಿಮಗೆ ಯಾರು ಯಾರು ಎಷ್ಟೆಷ್ಟು ಬಿಲ್ ಮಾಡಿದ್ದಾರೆ ಅಂತ 14ಕ್ಕೆ ನಿಮ್ಮ ಕಣ್ಣ ಮುಂದೆ ಬರುತ್ತದೆ. ಅವತ್ತು ರಾಯರು ಮಧ್ಯಾಹ್ನದ ಡಬ್ಬಿ ತಡವಾಗಿ ಬಿಚ್ಚುತ್ತಾರೆ. ಒಂದು ಕೈಯಲ್ಲಿ ನಮ್ಮ ಖರೀದಿ ಪುಸ್ತಕದ ಪ್ರಿಂಟು, ಇನ್ನೊಂದರಲ್ಲಿ ಪೋರ್ಟಲ್ಲಿನ ಪಟ್ಟಿ, ಬಾಯಲ್ಲಿ ಕೆಂಪು ಪೆನ್ಸಿಲ್ಲು. ಹೊಂದಿದ್ದಕ್ಕೆಲ್ಲ ಟಿಕ್ ಬೀಳುತ್ತದೆ. ಹೊಂದದ ಸಾಲೊಂದು ಸಿಕ್ಕಾಗ ಅವರ ಮುಖದಲ್ಲಿ ಮೂಡುವ ಸಂತೋಷವನ್ನು ಬೋನಸ್ ಕೊಟ್ಟ ದಿನವೂ ನಾನು ನೋಡಿಲ್ಲ.

ಜುಲೈಯಲ್ಲಿ ಅಂಥದ್ದೊಂದು ಸಾಲು ಸಿಕ್ಕಿತು. ನಮಗೆ ಬ್ರೈಟ್ ಬಾರ್ ಕೊಡುವ ಸಪ್ಲೈಯರ್ ಜೂನ್ ತಿಂಗಳಲ್ಲಿ ಒಂದೇ ಲೋಡ್ ಕಳಿಸಿದ್ದ: 1,250 ಕೆಜಿ, ಕೆಜಿಗೆ 64 ರೂಪಾಯಿಯಂತೆ 80,000, ಶೇಕಡಾ 18ರ ತೆರಿಗೆ 14,400, ಒಟ್ಟು 94,400. ಟೂ-ಬಿಯಲ್ಲಿ ಅದು ಎರಡು ಸಲ ಕೂತಿತ್ತು. ಜೂನ್ 12ರದು ಬಿಲ್ ನಂಬರ್ 412, ಜೂನ್ 30ರದು 467. ಮೊತ್ತದಲ್ಲಿ ಒಂದು ಪೈಸೆ ಹೆಚ್ಚುಕಡಿಮೆ ಇಲ್ಲ.

"ಕಂಪ್ಯೂಟರ್ ಹಿಡೀಬೇಕಿತ್ತಲ್ಲ ರಾಯರೇ?" ಅಂದರು ಯಜಮಾನರು.

ರಾಯರು ಕನ್ನಡಕ ತೆಗೆದರು. ಕನ್ನಡಕ ತೆಗೆದರೆ ಪಾಠ ಶುರು ಅಂತ ಅರ್ಥ. ಇ-ಇನ್‌ವಾಯ್ಸ್‌ಗೆ ಬೀಳುವ ಐಆರ್‌ಎನ್ ಎಂಬ ಉದ್ದನೆಯ ಸಂಖ್ಯೆ ಸಪ್ಲೈಯರ್‌ನ ಜಿಎಸ್‌ಟಿ ನಂಬರು, ಬಿಲ್ ನಂಬರು, ಬಿಲ್ಲಿನ ಬಗೆ, ಆರ್ಥಿಕ ವರ್ಷ ಇಷ್ಟರಿಂದ ಹುಟ್ಟುತ್ತದೆ. ಅದೇ 412ನ್ನು ಮತ್ತೆ ಕಳಿಸಿದರೆ ಪೋರ್ಟಲ್ ಕದ ಹಾಕುತ್ತದೆ. 467 ಎಂಬ ಹೊಸ ಹೆಸರಿಟ್ಟುಕೊಂಡು ಬಂದರೆ ಬಾ ಅನ್ನುತ್ತದೆ. ನಮ್ಮ ಟ್ಯಾಲಿಯೂ ಅಷ್ಟೆ, ಅದೇ ನಂಬರು ಬಂದರೆ ಮಾತ್ರ ಎಚ್ಚರಿಸುತ್ತದೆ. ಒಂದೇ ಕಬ್ಬಿಣಕ್ಕೆ ಎರಡು ಬಿಲ್ ಬಂತೋ, ಎರಡು ಲೋಡಿಗೆ ಒಂದೊಂದು ಬಂತೋ ಅನ್ನುವುದು ಯಾವ ಯಂತ್ರಕ್ಕೂ ಗೊತ್ತಿಲ್ಲ. ಅದು ಗೊತ್ತಿರುವುದು ನಮ್ಮ ಗೇಟಿನ ವಾಚ್‌ಮನ್‌ಗೆ.

ಹಾಗಾಗಿ ರಾಯರು ಗೇಟಿಗೆ ಹೋದರು. ಇನ್‌ವರ್ಡ್ ರಿಜಿಸ್ಟರಿನಲ್ಲಿ ಜೂನ್ 12ರ ಸಂಜೆ ಒಂದು ಲಾರಿ, ಅದರ ನಂಬರು, ಡ್ರೈವರನ ಸಹಿ. ಜೂನ್ ಕೊನೆಯ ವಾರ ಆ ಕಡೆಯಿಂದ ಲಾರಿಯೇ ಬಂದಿಲ್ಲ. ಸ್ಟೋರ್‌ನಲ್ಲಿ ಮಾಲು ಇಳಿಸಿಕೊಂಡ ರಸೀದಿ ಒಂದೇ. ಇ-ವೇ ಬಿಲ್ಲೂ ಒಂದೇ: 50,000 ರೂಪಾಯಿ ದಾಟಿದ ಮಾಲು ರಸ್ತೆಗಿಳಿಯಬೇಕಾದರೆ ಇ-ವೇ ಬಿಲ್ ಬೇಕು, ಅದು 412ಕ್ಕಿದೆ, 467ಕ್ಕಿಲ್ಲ. ರಸ್ತೆಗೆ ಇಳಿಯದ ಕಬ್ಬಿಣ ಬಿಲ್ಲಿನಲ್ಲಿ ಮಾತ್ರ ಪೀಣ್ಯ ಮುಟ್ಟಿತ್ತು. ಎಲ್ಲಕ್ಕಿಂತ ದೊಡ್ಡ ಸುಳಿವು 467ರ ಮೂಲೆಯಲ್ಲೇ ಸಣ್ಣ ಅಕ್ಷರದಲ್ಲಿತ್ತು. ಡೆಲಿವರಿ ಚಲನ್ ನಂಬರ್ 1188. 412ರಲ್ಲಿದ್ದದ್ದೂ 1188. ಗೋಡೌನಿನವರು ಮಾಲು ಕಳಿಸಿದ ದಿನವೇ ಬಿಲ್ ಮಾಡಿದ್ದರು. ಅವರ ಹೆಡ್ ಆಫೀಸಿನಲ್ಲಿ ಆ ಚಲನ್ ಇನ್ನೂ ಬಾಕಿ ಪಟ್ಟಿಯಲ್ಲೇ ಕೂತಿತ್ತು. ತಿಂಗಳ ಕೊನೆಗೆ ಯಾರೋ ಬಾಕಿ ಇದ್ದದ್ದಕ್ಕೆಲ್ಲ ಬಿಲ್ ಹೊಡೆದು ಮನೆಗೆ ಹೋಗಿದ್ದರು. ಇ-ಇನ್‌ವಾಯ್ಸನ್ನು 24 ಗಂಟೆಯೊಳಗೆ ಅವರೇ ರದ್ದು ಮಾಡಬಹುದಿತ್ತು. ಆ ಹೊತ್ತು ಕಳೆದು ಎರಡು ವಾರವಾಗಿತ್ತು. ಇನ್ನು ಉಳಿದ ದಾರಿ ಕ್ರೆಡಿಟ್ ನೋಟು.

ರಾಯರು ಕಾಗದ ಬರೆಯಲು ಕುಳಿತರು. ಇಲ್ಲಿ ಈ ಕುಲದ ಒಂದು ದೌರ್ಬಲ್ಯ ಹೇಳಬೇಕು. ಇಡೀ ವರ್ಷ ಅಂಕಿಗಳ ಜೊತೆ ಏಗುವವರಿಗೆ ಅಕ್ಷರ ಕೈಗೆ ಸಿಕ್ಕರೆ ತಡೆಯುವುದು ಕಷ್ಟ. ಮೊದಲ ಕರಡು ಹೀಗೆ ಶುರುವಾಯಿತು: "ತಮ್ಮ ಘನತೆವೆತ್ತ ಸಂಸ್ಥೆಯು ಒಂದೇ ಮಾಲಿಗೆ ಎರಡು ಬಾರಿ ಹಣ ಕೇಳುವಷ್ಟು ಕಷ್ಟಕ್ಕೆ ಸಿಲುಕಿದೆಯೆಂದು ತಿಳಿದು ಮನಸ್ಸಿಗೆ ಅತೀವ ನೋವಾಯಿತು." ಎರಡನೇ ಪ್ಯಾರಾದಲ್ಲಿ ಧರ್ಮ, ನಾಲ್ಕನೆಯದರಲ್ಲಿ ಹರಿಶ್ಚಂದ್ರ. ಬಿಲ್ ನಂಬರು ಬಂದದ್ದು ಎರಡನೇ ಪುಟದಲ್ಲಿ.

ಯಜಮಾನರು ಓದಿ, "ರಾಯರೇ, ಇದು ಕಾಗದವೋ ಶಾಪವೋ?" ಅಂದರು.

"ಅವರಿಗೆ ಸ್ವಲ್ಪ ತಟ್ಟಲಿ ಅಂತ ಸಾರ್."

"ತಟ್ಟೋದು ಯಾರಿಗೆ? ಓದೋನು ಬಿಲ್ಲಿಂಗ್ ಹುಡುಗ. ಅವನಿಗೆ ಸಂಬಳ ಹನ್ನೆರಡನೇ ತಾರೀಕು."

ಇದು ರಾಯರ ಮನಸ್ಸಿಗೆ ಹತ್ತಿತು. ಸಂಬಳ ತಡವಾಗುವವನ ಮೇಲೆ ಅವರಿಗೆ ಮೊದಲಿಂದ ಕನಿಕರ. ಹರಿಶ್ಚಂದ್ರ ಹೋದ, ಧರ್ಮ ಹೋಯಿತು, ಕೊನೆಗೆ ಉಳಿದದ್ದು ಇಷ್ಟು:

"ಮಾನ್ಯರೇ,

ವಿಷಯ: ಬಿಲ್ ನಂ. 467, ದಿನಾಂಕ ಜೂನ್ 30, ರೂ. 94,400: ಎರಡು ಬಾರಿ ಬಿಲ್ ಆಗಿರುವ ಬಗ್ಗೆ.

ನಿಮ್ಮ ಚಲನ್ ನಂ. 1188ರ ಮಾಲು, 1,250 ಕೆಜಿ, ಜೂನ್ 12ರಂದು ನಮಗೆ ತಲುಪಿದೆ. ಇದಕ್ಕೆ ಬಿಲ್ ನಂ. 412 ಬಂದಿದೆ, ಅದನ್ನು ನಾವು ಒಪ್ಪಿದ್ದೇವೆ, ಗಡುವಿನೊಳಗೆ ಹಣ ಕೊಡುತ್ತೇವೆ. ಅದೇ ಚಲನ್‌ಗೆ ಮತ್ತೆ 467 ಬಿಲ್ ಆಗಿದೆ. ಇದರ ಮೇಲೆ ಮಾಲು ಬಂದಿಲ್ಲ, ಇ-ವೇ ಬಿಲ್ ಇಲ್ಲ. ಎರಡೂ ಬಿಲ್, ಚಲನ್, ಗೇಟ್ ರಿಜಿಸ್ಟರ್ ಪುಟ, ಮಾಲು ಸ್ವೀಕರಿಸಿದ ರಸೀದಿ ಲಗತ್ತಿಸಿದೆ.

ದಯವಿಟ್ಟು ಬಿಲ್ 467ರ ವಿರುದ್ಧ ರೂ. 80,000 ಮತ್ತು ತೆರಿಗೆ ರೂ. 14,400 ಸೇರಿ ಕ್ರೆಡಿಟ್ ನೋಟ್ ಕೊಡಿ. ಈ ಬಿಲ್ಲಿನ ಮೇಲೆ ನಾವು ಇನ್‌ಪುಟ್ ತೆರಿಗೆ ತೆಗೆದುಕೊಂಡಿಲ್ಲ. ನಂತರ ಖಾತೆಯ ಸ್ಟೇಟ್‌ಮೆಂಟ್ ಕಳಿಸಿ."

ಇದರಲ್ಲಿ ಎರಡು ಮಾತಿಗೆ ರಾಯರು ತುಂಬ ತಲೆ ಕೆಡಿಸಿಕೊಂಡಿದ್ದರು. ಒಂದು, "412ನ್ನು ಒಪ್ಪಿದ್ದೇವೆ" ಅನ್ನುವುದು. ಅದನ್ನು ಬರೆಯದಿದ್ದರೆ, ಇವರು ದುಡ್ಡು ಕೊಡದಿರಲು ನೆಪ ಹುಡುಕುತ್ತಿದ್ದಾರೆ ಅಂತ ಸಪ್ಲೈಯರ್‌ಗೆ ಅನ್ನಿಸುತ್ತದೆ; ಅನ್ನಿಸಿದರೆ ಕಾಗದ ಟ್ರೇಯ ತಳಕ್ಕೆ ಹೋಗುತ್ತದೆ. ಇನ್ನೊಂದು, ಇನ್‌ಪುಟ್ ತೆಗೆದುಕೊಂಡಿಲ್ಲ ಅನ್ನುವುದು. ಮಾಲು ಕೈಗೆ ಬಾರದೆ ಇನ್‌ಪುಟ್ ತೆಗೆದುಕೊಳ್ಳುವ ಹಾಗೇ ಇಲ್ಲ, ಅದು ಸರಿ. ಆದರೆ ಕ್ರೆಡಿಟ್ ನೋಟ್ ಕೊಟ್ಟು ತನ್ನ ತೆರಿಗೆ ಇಳಿಸಿಕೊಳ್ಳಬೇಕಾದರೆ, ಕೊಂಡವನು ಆ ಇನ್‌ಪುಟ್ ತೆಗೆದುಕೊಂಡಿದ್ದರೆ ವಾಪಸ್ ಮಾಡಿರಬೇಕು ಅನ್ನುವುದು ಸಪ್ಲೈಯರ್ ಮೇಲಿರುವ ಷರತ್ತು. ಅವನಿಗೆ ಬೇಕಾದ ಆ ಮಾತನ್ನು ಅವನು ಕೇಳುವ ಮೊದಲೇ ಕೊಟ್ಟುಬಿಟ್ಟರೆ ಅರ್ಧ ಕೆಲಸ ಆದ ಹಾಗೆ. ಕೋಪದಲ್ಲಿ ಬರೆದ ಎರಡು ಪುಟದಲ್ಲಿ ಈ ಒಂದು ಸಾಲು ಇರಲಿಲ್ಲ ಅನ್ನುವುದನ್ನು ಗಮನಿಸಬೇಕು.

ಕಾಗದ ಮೇಲ್‌ನಲ್ಲೂ ಹೋಯಿತು, ರಿಜಿಸ್ಟರ್ ಪೋಸ್ಟಿನಲ್ಲೂ ಹೋಯಿತು. ಉತ್ತರ ಬಂದದ್ದು ಫೋನಿನಲ್ಲಿ.

"ಸಾರ್, ಅದೇನಿಲ್ಲ, ಮುಂದಿನ ಬಿಲ್ಲಲ್ಲಿ ಅಡ್ಜಸ್ಟ್ ಮಾಡಿಬಿಡ್ತೀವಿ."

ಅಡ್ಜಸ್ಟ್ ಎಂಬ ಶಬ್ದ ಕೇಳಿದರೆ ರಾಯರಿಗೆ ಅಕ್ಕಿಯಲ್ಲಿ ಕಲ್ಲು ಸಿಕ್ಕಂತಾಗುತ್ತದೆ. ಮುಂದಿನ ಬಿಲ್ಲಿನಲ್ಲಿ ಕಡಿಮೆ ತೋರಿಸಿದರೆ ಆ ಬಿಲ್ಲೂ ಸುಳ್ಳು, ಈ ಬಿಲ್ಲೂ ಸುಳ್ಳು, 467 ಮಾತ್ರ ಪೋರ್ಟಲ್‌ನಲ್ಲಿ ಅಮರ. "ಹಾಗಾದರೆ ನೀವೇ ಒಂದು ಡೆಬಿಟ್ ನೋಟ್ ಕಳಿಸಿ ಸಾರ್" ಅಂದ ಹುಡುಗ. ಅದೂ ಆಗದು. ಕೊಂಡವರು ಕಳಿಸುವ ಡೆಬಿಟ್ ನೋಟ್ ಎರಡು ಕಂಪನಿಗಳ ನಡುವಿನ ಪುಸ್ತಕದ ಮಾತು. ಜಿಎಸ್‌ಟಿಯಲ್ಲಿ ತೆರಿಗೆ ಇಳಿಯಬೇಕಾದರೆ ಮಾರಿದವರೇ ಕ್ರೆಡಿಟ್ ನೋಟ್ ಕೊಡಬೇಕು. ರಾಯರು ಇದನ್ನೆಲ್ಲ ಸಮಾಧಾನವಾಗಿ ಹೇಳಿ, ಕೊನೆಗೆ, "ಈಗ ನೀವು ಹೇಳಿದ್ದನ್ನೇ ಒಂದು ಸಾಲು ಮೇಲ್ ಮಾಡಿ" ಅಂದರು. ಆ ಹುಡುಗ ಮೇಲ್ ಮಾಡಲಿಲ್ಲ. ಕ್ರೆಡಿಟ್ ನೋಟನ್ನೇ ಕಳಿಸಿದ.

ಅದು 80,000ಕ್ಕೆ ಇತ್ತು. ತೆರಿಗೆ ಇರಲಿಲ್ಲ. "ತೆರಿಗೆ ಆಗಲೇ ಸರ್ಕಾರಕ್ಕೆ ಕಟ್ಟಿಬಿಟ್ಟಿದ್ದೀವಲ್ಲ ಸಾರ್." ಸಾಲದ್ದಕ್ಕೆ ಅದು 412ರ ವಿರುದ್ಧ ಇತ್ತು, ಅಂದರೆ ಲಾರಿಯಲ್ಲಿ ನಿಜವಾಗಿ ಬಂದ ಕಬ್ಬಿಣದ ಬಿಲ್ ರದ್ದಾಗಿ, ಬಾರದ ಕಬ್ಬಿಣದ ಬಿಲ್ ಗಟ್ಟಿಯಾಗಿ ಉಳಿದಿತ್ತು. ರಾಯರು ಬೈಯಲಿಲ್ಲ. ಮತ್ತೆ ಕಾಗದ ಬರೆದರು: ಕಟ್ಟಿದ ತೆರಿಗೆ ಎಲ್ಲೂ ಹೋಗುವುದಿಲ್ಲ, ಕ್ರೆಡಿಟ್ ನೋಟನ್ನು ಈ ತಿಂಗಳ ರಿಟರ್ನ್‌ನಲ್ಲಿ ತೋರಿಸಿದರೆ ಈ ತಿಂಗಳ ನಿಮ್ಮ ತೆರಿಗೆಯಲ್ಲಿ 14,400 ಇಳಿಯುತ್ತದೆ, ಇದಕ್ಕೆ ಮುಂದಿನ ಆರ್ಥಿಕ ವರ್ಷದ ನವೆಂಬರ್ 30ರವರೆಗೆ ಕಾಲವಿದೆ, ಆದರೆ ಅಲ್ಲಿವರೆಗೆ ಕಾಯಬೇಡಿ, ನಾನು ಅದಕ್ಕೆ ಮೊದಲೇ ರಿಟೈರ್ ಆಗುತ್ತೇನೆ. ಕೊನೆಯ ಮಾತನ್ನು ಯಜಮಾನರು ಹೊಡೆದುಹಾಕಲಿಲ್ಲ.

ಸರಿಯಾದ ಕ್ರೆಡಿಟ್ ನೋಟ್ ಜುಲೈ ಮುಗಿಯುವುದರೊಳಗೆ ಬಂತು: 467ರ ವಿರುದ್ಧ, 94,400, ತೆರಿಗೆ ಸಮೇತ. ಮೊದಲಿನದನ್ನು ಅವರು ಹಿಂದಕ್ಕೆ ತೆಗೆದುಕೊಂಡರು. ಆಗಸ್ಟ್ 14ರಂದು ಟೂ-ಬಿಯಲ್ಲಿ ಅದು ಕಾಣಿಸಿತು, ರಾಯರು ಟಿಕ್ ಹಾಕಿದರು, ಡಬ್ಬಿ ಬಿಚ್ಚಿದರು. 412ರ ದುಡ್ಡು ಅವತ್ತೇ ಬ್ಯಾಂಕಿಗೆ ಹೋಯಿತು, ಗಡುವಿಗೆ ಎರಡು ದಿನ ಮೊದಲು. ರಾಯರು ಗಡುವಿಗೆ ಮೊದಲು ದುಡ್ಡು ಬಿಟ್ಟದ್ದು ಕಾರ್ಖಾನೆಯಲ್ಲಿ ಈಗಲೂ ಸುದ್ದಿ.

ಪೀಣ್ಯಕ್ಕೆ ಮಾಲು ಕಳಿಸುವ ಸಪ್ಲೈಯರ್‌ಗಳು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ವಿನಂತಿ: ತಿಂಗಳ ಕೊನೆಗೆ ಬಾಕಿ ಚಲನ್‌ಗಳಿಗೆ ಬಿಲ್ ಹೊಡೆಯುವ ಮುಂಚೆ ಗೋಡೌನಿಗೆ ಒಂದು ಫೋನ್ ಮಾಡಿ. ಹರಿಶ್ಚಂದ್ರನಿದ್ದ ಆ ಮೊದಲ ಕರಡನ್ನು ರಾಯರು ಹರಿದುಹಾಕಿಲ್ಲ.