ಎಷ್ಟು ವರ್ಷ ಇರ್ತೀರಿ ಸ್ವಾಮಿ?

ಬೆಂಗಳೂರಿನಲ್ಲಿ ಬಾಡಿಗೆ ಜಾಗ ಹಿಡಿದು ವ್ಯಾಪಾರ ಮಾಡುವವರಿಗೆ ಒಂದು ಕಲೆ ತಾನಾಗಿ ಒಲಿದಿರುತ್ತದೆ. ಒಂದೇ ಪ್ರಶ್ನೆಗೆ, ಕೇಳಿದವರ ಮುಖ ನೋಡಿ ಬೇರೆ ಬೇರೆ ಉತ್ತರ ಕೊಡುವ ಕಲೆ ಅದು. ಪ್ರಶ್ನೆ ಇಷ್ಟೇ: ಈ ಜಾಗದಲ್ಲಿ ಎಷ್ಟು ವರ್ಷ ಇರ್ತೀರಿ?

ಅಗ್ರಿಮೆಂಟ್ ಟೈಪ್ ಮಾಡುವವನು ಕೇಳಿದರೆ, 11 ತಿಂಗಳು. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು ಅನ್ನುತ್ತದೆ 1908ರ ನೋಂದಣಿ ಕಾಯ್ದೆ. ಆ ಖರ್ಚು, ಆ ಓಡಾಟ ಯಾರಿಗೆ ಬೇಕು? ಬ್ಯಾಂಕ್ ಮ್ಯಾನೇಜರ್ ಕೇಳಿದರೆ, "ಇದು ನಮ್ಮ ಪರ್ಮನೆಂಟ್ ಜಾಗ ಸಾರ್." ಬಾಡಿಗೆ ಚೌಕಾಸಿಯ ಹೊತ್ತಿನಲ್ಲಿ ಓನರ್ ಕೇಳಿದರೆ, "ನೋಡೋಣ ಸಾರ್, ಇನ್ನೂ ಎರಡು ಕಡೆ ಮಾತಾಡಿದ್ದೀವಿ." ಇಂಟೀರಿಯರ್ ಡಿಸೈನರ್ ಕೇಳಿದರೆ ಮಾತ್ರ ಮೊಮ್ಮಕ್ಕಳ ಮದುವೆಯವರೆಗೂ ಇರುವವರ ಹಾಗೆ ಇಟಾಲಿಯನ್ ಮಾರ್ಬಲ್‌ನತ್ತ ಬೆರಳು ತೋರಿಸುತ್ತಾರೆ.

ಇವರೆಲ್ಲ ಉತ್ತರ ಕೇಳಿಸಿಕೊಂಡು ಸುಮ್ಮನಾಗುವವರು. ಬರೆದುಕೊಳ್ಳುವವರು ಆಡಿಟರ್ ಒಬ್ಬರೇ. ಅವರ ಬಳಿ ಒಂದು ನಿಯಮವಿದೆ. ಬಾಡಿಗೆ ಜಾಗವನ್ನು ಸುಧಾರಿಸಲು ನೀವು ಸುರಿದ ಹಣವನ್ನು ಗುತ್ತಿಗೆಯ ಅವಧಿ ಮತ್ತು ಮಾಡಿಸಿದ ಕೆಲಸದ ಬಾಳಿಕೆ, ಇವೆರಡರಲ್ಲಿ ಯಾವುದು ಚಿಕ್ಕದೋ ಅಷ್ಟು ಕಾಲದೊಳಗೆ ಖರ್ಚೆಂದು ಬರೆದು ಮುಗಿಸಬೇಕು. ಟೈಲ್ಸ್ 30 ವರ್ಷ ಬಾಳಬಹುದು. ಆದರೆ ನೀವು ಅದರ ಮೇಲೆ 3 ವರ್ಷ ಮಾತ್ರ ಓಡಾಡುವುದಾದರೆ ಉಳಿದ 27 ವರ್ಷ ಯಾರದೋ ಪುಣ್ಯ, ನಿಮ್ಮ ಆಸ್ತಿಯಲ್ಲ. ಇದರಲ್ಲಿ ತಕರಾರು ತೆಗೆಯುವುದಕ್ಕೇನಿದೆ ಅನ್ನಿಸುತ್ತದೆ. ಹಾಗೆ ಅನ್ನಿಸುವವರು ಕೆಫೆ ಇಟ್ಟಿರುವುದಿಲ್ಲ.

ಒಂದು ಕೆಫೆಯನ್ನೇ ಕಟ್ಟೋಣ. ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ, ಜಯನಗರದಲ್ಲಿ ನೆಲಮಹಡಿ. ಮಾಲೀಕರು 11 ತಿಂಗಳ ನಾಟಕ ಬಿಟ್ಟು 36 ತಿಂಗಳಿಗೆ ಸರಿಯಾಗಿ ನೋಂದಾಯಿಸಿದ್ದಾರೆ, ಅಷ್ಟರ ಮಟ್ಟಿಗೆ ಸಜ್ಜನರು. ಒಳಾಂಗಣಕ್ಕೆ 50 ಲಕ್ಷ ರೂಪಾಯಿ ಖರ್ಚಾಯಿತು. ಅದರಲ್ಲಿ 17 ಲಕ್ಷ ಮೇಜು, ಕುರ್ಚಿ, ಫ್ರಿಜ್, ಕಾಫಿ ಮೆಷಿನ್, ಎಸಿಗೆ ಹೋಯಿತು. ಇವನ್ನು ಟೆಂಪೋದಲ್ಲಿ ಹೇರಿಕೊಂಡು ಮುಂದಿನ ಜಾಗಕ್ಕೆ ಹೋಗಬಹುದು. ಹಾಗಾಗಿ ಗುತ್ತಿಗೆಯ ಅವಧಿಗೂ ಇವಕ್ಕೂ ಸಂಬಂಧವಿಲ್ಲ, ಅವುಗಳ ಬಾಳಿಕೆಯಷ್ಟೇ ಲೆಕ್ಕ. ಉಳಿದ 33 ಲಕ್ಷ ಗೋಡೆ, ನೆಲ, ಸೂರಿಗೆ ಅಂಟಿಕೊಂಡಿತು: ಫಾಲ್ಸ್ ಸೀಲಿಂಗ್, ಟೈಲ್ಸ್, ಗಾಜಿನ ಪಾರ್ಟಿಷನ್, ವೈರಿಂಗ್, ಅಡುಗೆಮನೆಯ ಹೊಗೆ ಹೊರಹಾಕುವ ಡಕ್ಟ್, ಪ್ಲಂಬಿಂಗ್. 1882ರ ಆಸ್ತಿ ವರ್ಗಾವಣೆ ಕಾಯ್ದೆ ಉದಾರವಾಗಿದೆ. ಬೇರೆ ಕರಾರಿಲ್ಲದಿದ್ದರೆ, ಜಾಗ ತನ್ನ ವಶದಲ್ಲಿರುವವರೆಗೆ ಬಾಡಿಗೆದಾರ ತಾನು ಜೋಡಿಸಿದ್ದನ್ನೆಲ್ಲ ಬಿಚ್ಚಿಕೊಂಡು ಹೋಗಬಹುದು, ಜಾಗ ಮೊದಲಿದ್ದಂತೆ ಇರಬೇಕು ಅಷ್ಟೇ. ಫಾಲ್ಸ್ ಸೀಲಿಂಗನ್ನು ಬಿಚ್ಚಿ ಮಡಿಸಿಟ್ಟುಕೊಂಡು ಹೋದ ಭೂಪನನ್ನು ನಾನಿನ್ನೂ ನೋಡಿಲ್ಲ.

ಕೆಲಸ ಮುಗಿದು ಅಂಗಡಿ ತೆರೆಯುವ ಹೊತ್ತಿಗೆ 3 ತಿಂಗಳು ಕಳೆದಿತ್ತು. ಬಳಕೆಗೆ ಸಿದ್ಧವಾದ ದಿನದಿಂದ ಲೆಕ್ಕ ಶುರು, ಗುತ್ತಿಗೆ ಮುಗಿಯುವ ದಿನಕ್ಕೆ ಮುಗಿಯಬೇಕು. ಉಳಿದದ್ದು 33 ತಿಂಗಳು. 33 ಲಕ್ಷಕ್ಕೆ 33 ತಿಂಗಳು. ತಿಂಗಳಿಗೆ 1 ಲಕ್ಷ, ವರ್ಷಕ್ಕೆ 12 ಲಕ್ಷ. ಇಷ್ಟು ಸುಲಭದ ಭಾಗಾಕಾರ ಎದುರಿಗಿದ್ದರೂ ಮಾಲೀಕರಿಗೆ ಬೆವರು ಕಿತ್ತುಕೊಂಡು ಬಂತು. ಏಕೆಂದರೆ ಈ ಖರ್ಚನ್ನು ಬಿಟ್ಟು ನೋಡಿದರೆ ಕೆಫೆಯ ಲಾಭ ವರ್ಷಕ್ಕೆ 9 ಲಕ್ಷ. ಖರ್ಚನ್ನು ಬರೆದರೆ 3 ಲಕ್ಷ ನಷ್ಟ.

"ಸಾರ್, ಸರಿಯಾದ ಟೈಲ್ಸ್ ಅದು. 10 ವರ್ಷ ಅಲ್ಲಾಡಲ್ಲ. ಕಂಪನಿ ಕಾಯ್ದೆಯಲ್ಲೇ ವೈರಿಂಗ್‌ಗೆ 10 ವರ್ಷ ಅಂತಿದೆಯಲ್ಲ," ಅಂದರು ಮಾಲೀಕರು. ಕಾಯ್ದೆಯ ಎರಡನೇ ಅನುಸೂಚಿಯನ್ನು ಅವರು ತಮಗೆ ಬೇಕಾದ ಸಾಲಿನವರೆಗೆ ಮಾತ್ರ ಓದಿದ್ದರು.

"ಟೈಲ್ಸ್ ಅಲ್ಲಾಡಲ್ಲ ಸಾರ್. ನೀವು?" ಅಂದರು ಆಡಿಟರ್.

10 ವರ್ಷಕ್ಕೆ ಹಂಚಿದರೆ ಖರ್ಚು ವರ್ಷಕ್ಕೆ 3.3 ಲಕ್ಷ, ಲಾಭ 5.7 ಲಕ್ಷ. ಅದೇ ಕಾಫಿ, ಅದೇ ಗಿರಾಕಿ, ಅದೇ ಬಿಲ್ಲು. ಒಂದು ಅಂಕಿ ಬದಲಿಸಿದ್ದಕ್ಕೆ ನಷ್ಟದ ಅಂಗಡಿ ಲಾಭದ್ದಾಯಿತು. ಬ್ಯಾಂಕಿನವರೂ ಎರಡನೇ ಶಾಖೆಗೆ ಸಾಲ ಕೊಡಲು ತಯಾರಾದರು. ಇನ್ನು ಗುತ್ತಿಗೆ ಮುಗಿದ ದಿನ ಓನರ್ ಬಂದು, "ನಮ್ಮ ಹುಡುಗ ಇಲ್ಲೇ ಏನೋ ಶುರು ಮಾಡ್ತಾನಂತೆ, ಖಾಲಿ ಮಾಡಿಬಿಡಿ," ಅನ್ನಲಿ. ಅಷ್ಟರಲ್ಲಿ ಪುಸ್ತಕದಲ್ಲಿ ಕರಗಿರುವುದು 9 ಲಕ್ಷ ಚಿಲ್ಲರೆ. ಬಾಕಿ 23 ಲಕ್ಷ 92 ಸಾವಿರ ಒಂದೇ ದಿನ ನಷ್ಟವಾಗಿ ಬೀಳುತ್ತದೆ. ಆ ಹೊತ್ತಿಗೆ ಎರಡನೇ ಶಾಖೆಯ ಫಾಲ್ಸ್ ಸೀಲಿಂಗ್ ಅರ್ಧ ಏರಿರುತ್ತದೆ, ಅದೂ 10 ವರ್ಷದ ಲೆಕ್ಕದಲ್ಲೇ.

"ಆದರೆ ನಮ್ಮ ಅಗ್ರಿಮೆಂಟಿನಲ್ಲಿ ರಿನ್ಯೂವಲ್ ಇದೆಯಲ್ಲ!" ಅಂತ ಮಾಲೀಕರು ಪುಟ ತಿರುವಿದರು. ಇಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಬೇಕು. ಮುಂದಿನ 3 ವರ್ಷಕ್ಕೆ ಮುಂದುವರಿಸುವ ಹಕ್ಕು ಬಾಡಿಗೆದಾರನ ಕೈಯಲ್ಲೇ ಇದ್ದು, ಅವನು ಅದನ್ನು ಖಂಡಿತ ಬಳಸುತ್ತಾನೆ ಎನ್ನಲು ಬಲವಾದ ಕಾರಣವಿದ್ದರೆ ಆ 3 ವರ್ಷವನ್ನೂ ಅವಧಿಗೆ ಸೇರಿಸಬಹುದು. ಆದರೆ ನಮ್ಮ ಬಹುಪಾಲು ಕರಾರುಗಳಲ್ಲಿ ಇರುವುದು "ಉಭಯತ್ರರ ಪರಸ್ಪರ ಒಪ್ಪಿಗೆಯ ಮೇರೆಗೆ ನವೀಕರಿಸಬಹುದು" ಎಂಬ ಸಾಲು. ಈ ಸಾಲಿನ ಕಾನೂನು ತೂಕ, ಮದುವೆ ಮನೆಯ ಬಾಗಿಲಲ್ಲಿ ನಿಂತು "ಒಂದ್ಸಲ ಮನೆಗೆ ಬನ್ನಿ" ಅಂದಷ್ಟೇ. ಓನರ್ ಒಪ್ಪದಿದ್ದರೆ ಒಪ್ಪಿಸುವ ದಾರಿಯಿಲ್ಲ. ಹಾಗಾಗಿ ಆಡಿಟರ್ 33 ತಿಂಗಳಿಂದ ಕದಲಲಿಲ್ಲ.

ಹಕ್ಕು ನಿಜವಾಗಿಯೂ ಬಾಡಿಗೆದಾರನದೇ ಆಗಿದ್ದಾಗ ತಮಾಷೆ ಶುರುವಾಗುತ್ತದೆ. ಅವನು ಮುಂದುವರಿಸುತ್ತಾನೆ ಎನ್ನುವುದಕ್ಕೆ ಏನು ಗ್ಯಾರಂಟಿ? ಗೋಡೆಗೆ 33 ಲಕ್ಷ ಸುರಿದಿದ್ದಾನೆ, ಬಿಟ್ಟು ಹೇಗೆ ಹೋಗುತ್ತಾನೆ? ಸರಿ. ಆ 33 ಲಕ್ಷವನ್ನು ಅಷ್ಟು ದೀರ್ಘ ಕಾಲಕ್ಕೆ ಯಾಕೆ ಹಂಚಿದಿರಿ? ಏಕೆಂದರೆ ಅವನು ಬಿಟ್ಟು ಹೋಗುವುದಿಲ್ಲ. ಕುಡುಕರಿಬ್ಬರು ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ ನಿಂತರೆ ಬೀಳುವುದಿಲ್ಲವಂತೆ! ಇದನ್ನು ನಾನೊಬ್ಬನೇ ಕುಹಕದಿಂದ ಹೇಳುತ್ತಿಲ್ಲ. ಅಂತಾರಾಷ್ಟ್ರೀಯ ಲೆಕ್ಕಪತ್ರ ಮಾನದಂಡಗಳನ್ನು ಅರ್ಥೈಸುವ ಸಮಿತಿಯೇ 2019ರ ನವೆಂಬರ್‌ನಲ್ಲಿ ಈ ಎರಡನ್ನೂ ಒಟ್ಟಿಗೆ ನೋಡಿ ಎಂದಿತು. ಕರಾರಿನಲ್ಲಿ ಬರೆದ ದಂಡ ಮಾತ್ರವಲ್ಲ, ಜಾಗ ಬಿಟ್ಟರೆ ಆಗುವ ಒಟ್ಟು ಆರ್ಥಿಕ ನಷ್ಟವನ್ನೂ ಗಣಿಸಿ ಗುತ್ತಿಗೆಯ ಅವಧಿ ನಿರ್ಧರಿಸಬೇಕು. ಬಿಡಿಸಿ ಒಯ್ಯಲಾಗದ ಸುಧಾರಣೆಯನ್ನು ಗುತ್ತಿಗೆ ಮುಗಿದ ಮೇಲೂ ಬಳಸುತ್ತೇನೆ ಎನ್ನುವವನು ಗುತ್ತಿಗೆಯ ಅವಧಿಯನ್ನೇ ಮತ್ತೊಮ್ಮೆ ಯೋಚಿಸಿ ನೋಡಬೇಕು. ಸಭ್ಯ ಭಾಷೆಯಲ್ಲಿ ಹೇಳಿದ್ದಾರೆ. ನಮ್ಮ ಭಾಷೆಯಲ್ಲಿ: ಬಾಯಿ ಒಂದೇ ಇರಲಿ.

ಎರಡು ಬಾಯಿಯ ಕಾಯಿಲೆ ದೊಡ್ಡ ಕಂಪನಿಗಳಲ್ಲಿ ಹೆಚ್ಚು. ಅವರಿಗೆ ಇಂಡ್ ಎಎಸ್ 116 ಅನ್ವಯಿಸುತ್ತದೆ. ಮುಂದೆ ಕಟ್ಟಬೇಕಾದ ಬಾಡಿಗೆಯನ್ನೆಲ್ಲ ಇವತ್ತೇ ಸಾಲವೆಂದು ಆಸ್ತಿ-ಹೊಣೆ ಪಟ್ಟಿಯಲ್ಲಿ ತೋರಿಸಬೇಕು. 12 ತಿಂಗಳು ಮೀರದ ಗುತ್ತಿಗೆಗೆ ವಿನಾಯಿತಿ. ಹಾಗಾಗಿ ಸಾಲದ ಪುಟದಲ್ಲಿ, "ನಾವು 11 ತಿಂಗಳ ಅತಿಥಿಗಳು." ನಾಲ್ಕು ಪುಟ ಮುಂದೆ ಒಳಾಂಗಣದ ಖರ್ಚಿನ ಟಿಪ್ಪಣಿಯಲ್ಲಿ, "ಬಾಳಿಕೆ 10 ವರ್ಷ." ಅತಿಥಿ ಬಂದವನು ಮನೆಯ ನೆಲ ಅಗೆದು ಮಾರ್ಬಲ್ ಹಾಕಿಸಿದ್ದಾನೆ. ವರದಿ ಓದುವವರಿಗೆ ಬೇರೇನೂ ತಿಳಿಯದಿದ್ದರೂ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು.

ಈ ಚಾಲಾಕಿತನ ನಾವೇ ಕಂಡುಹಿಡಿದದ್ದು ಎಂದು ಬೀಗಬೇಕಿಲ್ಲ. ಅಮೆರಿಕದ ರೆಸ್ಟೋರೆಂಟ್ ಸರಣಿಗಳು, ಚಿಲ್ಲರೆ ಅಂಗಡಿ ಸರಣಿಗಳು ಅದನ್ನು ಮೊದಲೇ ಕರಗತ ಮಾಡಿಕೊಂಡಿದ್ದವು. ಬಾಡಿಗೆ ವರ್ಷ ಕಳೆದಂತೆ ಏರುವ ಕರಾರುಗಳಲ್ಲಿ ಇಡೀ ಅವಧಿಯ ಬಾಡಿಗೆಯನ್ನು ಸರಾಸರಿ ತೆಗೆದು ಪ್ರತಿ ವರ್ಷ ಸಮನಾಗಿ ಬರೆಯಬೇಕು. ಅವಧಿ ಚಿಕ್ಕದೆಂದರೆ ಕೊನೆಯ ದುಬಾರಿ ವರ್ಷಗಳು ಸರಾಸರಿಯೊಳಗೆ ಬರುವುದಿಲ್ಲ, ಖರ್ಚು ಕಡಿಮೆ ಕಾಣುತ್ತದೆ. ಒಳಾಂಗಣಕ್ಕೆ ಅವಧಿ ದೊಡ್ಡದೆಂದರೆ ಅಲ್ಲೂ ಕಡಿಮೆ ಕಾಣುತ್ತದೆ. ಆದ್ದರಿಂದ ಬಾಡಿಗೆ ಲೆಕ್ಕಕ್ಕೆ ನವೀಕರಣ ಬಿಟ್ಟು, ಒಳಾಂಗಣಕ್ಕೆ ನವೀಕರಣ ಸೇರಿಸಿ, ಒಂದೇ ಗುತ್ತಿಗೆಗೆ ಎರಡು ಆಯುಷ್ಯ ಬರೆಯುತ್ತಿದ್ದರು. 2005ರ ಫೆಬ್ರವರಿ 7ರಂದು ಅಲ್ಲಿನ ಷೇರುಪೇಟೆ ನಿಯಂತ್ರಕರ ಮುಖ್ಯ ಲೆಕ್ಕಾಧಿಕಾರಿ ಡೊನಾಲ್ಡ್ ನಿಕೊಲೈಸನ್ ಒಂದು ಪತ್ರ ಬರೆದು, ಒಂದು ಗುತ್ತಿಗೆಗೆ ಒಂದೇ ಅವಧಿ ಎಂಬ ನಿಯಮ ಮೊದಲಿನಿಂದಲೂ ಇದೆ ಎಂದು ನೆನಪಿಸಿದರು. ಕಂಪನಿಗಳು ಸಾಲುಗಟ್ಟಿ ಹಳೆಯ ವರ್ಷಗಳ ಲೆಕ್ಕ ತಿದ್ದಿದವು. ಹೊಸ ಕಾನೂನು ಬಂದಿರಲಿಲ್ಲ, ಯಾರೋ ಹಳೆಯದನ್ನು ಜೋರಾಗಿ ಓದಿದ್ದರು ಅಷ್ಟೇ.

ಮತ್ತೆ ಜಯನಗರಕ್ಕೆ ಬರೋಣ. ಅಗ್ರಿಮೆಂಟಿನ ಕೊನೆಯ ಪುಟದಲ್ಲಿ ಇನ್ನೊಂದು ಕರಾರು ಇತ್ತು: ಖಾಲಿ ಮಾಡುವಾಗ ಜಾಗವನ್ನು ಮೊದಲಿದ್ದ ಸ್ಥಿತಿಗೆ ತಂದುಕೊಡಬೇಕು. ಅಂದರೆ ಹಾಕಿಸಿದ್ದನ್ನೆಲ್ಲ ಒಡೆಸಿ, ಡೆಬ್ರಿಸ್ ಸಾಗಿಸಿ, ಗೋಡೆಗೆ ಬಣ್ಣ ಬಳಿದು ಕೊಡಬೇಕು. ಆ ಒಡೆಯುವ ಖರ್ಚಿನ ಅಂದಾಜನ್ನು ಕಟ್ಟಿದ ದಿನವೇ ಒಳಾಂಗಣದ ಬೆಲೆಗೆ ಸೇರಿಸಿ, ಅದನ್ನೂ 33 ತಿಂಗಳಿಗೆ ಹಂಚಬೇಕು. ರಿಬ್ಬನ್ ಕತ್ತರಿಸುವ ದಿನ ಆಡಿಟರ್ ಬಂದು, "ಇದನ್ನೆಲ್ಲ ಒಡೆಸೋಕೆ ಎಷ್ಟಾಗಬಹುದು ಸಾರ್?" ಎಂದು ಕೇಳಿದರು. ಪುರೋಹಿತರು ಇನ್ನೂ ಮಂಗಳಾರತಿ ಎತ್ತಿರಲಿಲ್ಲ. ಅಡ್ವಾನ್ಸ್ ಹಣದಲ್ಲಿ ಮುರಿದುಕೊಳ್ಳುತ್ತಾರೆ, ಆಗ ನೋಡೋಣ ಎಂದು ಸುಮ್ಮನಿರುವವರೇ ಹೆಚ್ಚು. ಅಂಥವರಿಗೆ 10 ತಿಂಗಳ ಅಡ್ವಾನ್ಸಿನಲ್ಲಿ ಎಷ್ಟು ವಾಪಸು ಬರುತ್ತದೆ ಎಂಬುದು ಕೊನೆಯ ದಿನದವರೆಗೂ ಸಸ್ಪೆನ್ಸ್.

ಇಷ್ಟೆಲ್ಲ ಅವಮಾನ ಸಹಿಸಿದ ಬಾಡಿಗೆದಾರನಿಗೆ ಮರ್ಯಾದೆ ಸಿಗುವ ಒಂದು ಸ್ಥಳವಿದೆ, ಅದು ಆದಾಯ ತೆರಿಗೆ ಕಾನೂನು. ಬಾಡಿಗೆ ಕಟ್ಟಡದಲ್ಲಿ ನೀವು ಮಾಡಿಸಿದ ಬಂಡವಾಳ ಸ್ವರೂಪದ ಕೆಲಸಕ್ಕೆ, ಕಟ್ಟಡ ನಿಮ್ಮದೇ ಎಂದು ಭಾವಿಸಿ ಸವಕಳಿ ಕೊಡುತ್ತದೆ. ಎಷ್ಟು? ಉಳಿದ ಬೆಲೆಯ ಮೇಲೆ ವರ್ಷಕ್ಕೆ ಶೇಕಡ 10. ಗುತ್ತಿಗೆ ಚಿಕ್ಕದೋ ಬಾಳಿಕೆ ಚಿಕ್ಕದೋ ಎಂಬ ತಗಾದೆಯೇ ಇಲ್ಲ. ಮೂರು ಪೂರ್ಣ ವರ್ಷ ಕಳೆದರೂ 33 ಲಕ್ಷದಲ್ಲಿ 24 ಲಕ್ಷ ಇನ್ನೂ ಕರಗಿರುವುದಿಲ್ಲ. ಕಂಪನಿಯ ಪುಸ್ತಕದಲ್ಲಿ ಸೊನ್ನೆಯಾದ ಟೈಲ್ಸ್ ತೆರಿಗೆಯ ಪುಸ್ತಕದಲ್ಲಿ ಹೊಳೆಯುತ್ತಿರುತ್ತದೆ. ಎರಡನೇ ಶಾಖೆಯ ಕೆಲಸದಿಂದಾಗಿ ಆ ವರ್ಗದ ಆಸ್ತಿ ಲೆಕ್ಕ ಜೀವಂತವಾಗಿದ್ದರೆ, ಓನರ್ ಮಗ ಅದನ್ನೆಲ್ಲ ಒಡೆಸಿ ಎಸೆದ ಮೇಲೂ ಮಾಲೀಕರು ಪ್ರತಿ ವರ್ಷ ರಿಟರ್ನ್ ಸಲ್ಲಿಸುವಾಗ ಆ ನೆಲಕ್ಕೆ ಶೇಕಡ 10ರಂತೆ ಸವಕಳಿ ಬರೆಯುತ್ತಿರುತ್ತಾರೆ.